‘ಟಿ’ ಗುಂಡಿ ಒತ್ತಿ ಎಷ್ಟು ದಿನವಾಯಿತು?

ಮನೆಯ ಡಿಬಿ ಬಾಕ್ಸಿನ ಮುಚ್ಚಳ ತೆರೆದು ನೋಡಿ. ಸಾಲಾಗಿ ನಿಂತ ಎಂಸಿಬಿಗಳ ಪಕ್ಕದಲ್ಲಿ ಒಂದು ಸ್ವಿಚ್ಚು ಉಳಿದವುಗಳಿಗಿಂತ ಅಗಲವಾಗಿರುತ್ತದೆ. ಅದರ ಮೈಮೇಲೆ ಸಣ್ಣದೊಂದು ಗುಂಡಿ, ಗುಂಡಿಯ ಮೇಲೋ ಪಕ್ಕದಲ್ಲೋ ಇಂಗ್ಲಿಷಿನ ‘ಟಿ’ ಅಕ್ಷರ ಇರುತ್ತದೆ. ಇದೇ ಆರ್‌ಸಿಸಿಬಿ. ನಮ್ಮ ಎಲೆಕ್ಟ್ರಿಷಿಯನ್ನರು ಈಗಲೂ ಹಳೆಯ ರೂಢಿಯಂತೆ ಇಎಲ್‌ಸಿಬಿ ಎನ್ನುತ್ತಾರೆ. ಕರೆಂಟು ತಾನು ಹರಿಯಬೇಕಾದ ದಾರಿ ಬಿಟ್ಟು ಮನುಷ್ಯನ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಇಳಿಯತೊಡಗಿದರೆ, ಕಣ್ಣು ಮಿಟುಕಿಸುವುದರೊಳಗೆ ಸರಬರಾಜನ್ನು ಕಡಿದುಹಾಕುವುದು ಇದರ ಕೆಲಸ.

ಈ ಸಾಧನಕ್ಕೆ ಒಂದು ದೊಡ್ಡ ದೌರ್ಬಲ್ಯವಿದೆ. ಅದು ಕೆಟ್ಟುಹೋದರೆ ಮನೆಯವರಿಗೆ ಗೊತ್ತಾಗುವುದಿಲ್ಲ. ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಮೋಟಾರು ನೀರೆತ್ತುತ್ತದೆ. ಕಾಪಾಡುವ ಶಕ್ತಿಯೊಂದು ಮಾತ್ರ ಹೋಗಿರುತ್ತದೆ. ಅದು ಇದೆಯೋ ಇಲ್ಲವೋ ಎಂದು ಮನೆಯವರೇ ತಿಳಿದುಕೊಳ್ಳಲಿ ಎಂದೇ ತಯಾರಕರು ಆ ಗುಂಡಿಯನ್ನು ಇಟ್ಟು, ತಿಂಗಳಿಗೊಮ್ಮೆ ಒತ್ತಿ ನೋಡಿ ಎಂದು ತಿಳಿಸುತ್ತಾರೆ.

ಎಂಸಿಬಿ ಇದ್ದರೆ ಸಾಲದೆ?

ಮನೆಯಲ್ಲಿ ಎಂಸಿಬಿ ಇದೆ, ಅರ್ಥಿಂಗ್ ಕೂಡ ಮಾಡಿಸಿದ್ದೇವೆ, ಇನ್ನೇನು ಭಯ ಎಂದು ಹೆಚ್ಚಿನವರು ಕೇಳುತ್ತಾರೆ. ನಮ್ಮ ಊರುಗಳಲ್ಲಿ ಮಾಮೂಲಿಯಾಗಿ ಕಾಣುವ ಒಂದು ಮನೆಯ ಲೆಕ್ಕ ಹಾಕಿ ನೋಡೋಣ.

ಬಚ್ಚಲಿನಲ್ಲಿ 2000 ವಾಟ್‌ನ ಗೀಸರ್ ಇದೆ. ಅದು ಸುಮಾರು 9 ಆಂಪಿಯರ್ ಕರೆಂಟು ಎಳೆಯುತ್ತದೆ, ಅದಕ್ಕೆ 16 ಆಂಪಿಯರ್‌ನ ಎಂಸಿಬಿ ಹಾಕಿದ್ದಾರೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿ, ಒಂದು ದಿನ ಅದರ ಹೊರಕವಚ ಬಿರುಕು ಬಿಟ್ಟಿತು. ಫೇಸ್ ಕರೆಂಟು ಗೀಸರಿನ ಲೋಹದ ತೊಟ್ಟಿಗೆ, ಅಲ್ಲಿಂದ ನಲ್ಲಿಗೆ ಬಂತು. ಅರ್ಥ್ ತಂತಿ ಸರಿಯಾಗಿಯೇ ಇದೆ. ಅದು ಅಂಗಳದ ಮೂಲೆಯಲ್ಲಿ ಇದ್ದಿಲು, ಉಪ್ಪು ತುಂಬಿ ಪೈಪು ಹೂತ ಅರ್ಥಿಂಗ್ ಗುಂಡಿಗೆ ಹೋಗುತ್ತದೆ. ಆದರೆ ಆ ಗುಂಡಿಗೆ ಯಾರೂ ವರ್ಷಗಟ್ಟಲೆ ನೀರು ಹಾಕಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ ಅದರ ರೋಧ 20 ಓಮ್‌ಗೆ ಏರಿದೆ ಎಂದುಕೊಳ್ಳಿ. ಬೀದಿಯ ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್ ರೋಧ 3 ಓಮ್ ಇರಲಿ.

ಈಗ 230 ವೋಲ್ಟನ್ನು 23 ಓಮ್‌ನಿಂದ ಭಾಗಿಸಿದರೆ ಬರುವುದು 10 ಆಂಪಿಯರ್. ಅಷ್ಟು ಕರೆಂಟು ಗೀಸರಿನಿಂದ ನೆಲಕ್ಕೆ ಸೋರುತ್ತಿದೆ. ಥರ್ಮೋಸ್ಟಾಟ್ ಫೇಸಿನ ಬದಲು ನ್ಯೂಟ್ರಲ್ ತಂತಿಯನ್ನು ಕಡಿಯುವಂತೆ ಜೋಡಿಸಿದ್ದರೆ, ಅದು ಗೀಸರನ್ನು ಆರಿಸಿದ್ದರೂ ಈ ಸೋರಿಕೆ ನಿಲ್ಲದು. ಹದಿನಾರು ಆಂಪಿಯರ್‌ವರೆಗೆ ಸುಮ್ಮನಿರಬೇಕೆಂದೇ ತಯಾರಾದ ಎಂಸಿಬಿಗೆ ಹತ್ತು ಆಂಪಿಯರ್ ದಿನನಿತ್ಯದ ಭಾರ. ಅದು ಎಷ್ಟು ಹೊತ್ತಾದರೂ ಬೀಳುವುದಿಲ್ಲ. ಅಷ್ಟು ಹೊತ್ತೂ ಗೀಸರಿನ ಮೈಯಲ್ಲಿ, ನಲ್ಲಿಯಲ್ಲಿ ಸುಮಾರು 200 ವೋಲ್ಟ್ ನಿಂತಿರುತ್ತದೆ. ಅರ್ಥಿಂಗ್ ಇದ್ದೂ, ಎಂಸಿಬಿ ಇದ್ದೂ ಸ್ನಾನಕ್ಕೆ ಹೋದವರಿಗೆ ಶಾಕ್ ಹೊಡೆಯುವುದು ಹೀಗೆ.

ಎಂಸಿಬಿಯ ತಪ್ಪೇನೂ ಇಲ್ಲಿಲ್ಲ. ತಂತಿ ಕಾದು ಸುಡದಂತೆ ನೋಡಿಕೊಳ್ಳುವುದು ಅದರ ಕೆಲಸ. ಮನುಷ್ಯನ ಜೀವ ತೆಗೆಯಲು ಬೇಕಾದ ಕರೆಂಟು ಅದರ ಕಣ್ಣಿಗೆ ಬೀಳದಷ್ಟು ಸಣ್ಣದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಎಂಬ ವಿಜ್ಞಾನಿ, ಕರೆಂಟು ಹರಿಯುತ್ತಿರುವ ತಂತಿಯನ್ನು ಹಿಡಿದವರು ಯಾವ ಮಟ್ಟದವರೆಗೆ ಅದನ್ನು ತಾವಾಗಿಯೇ ಬಿಡಬಲ್ಲರು ಎಂದು ಸ್ವಯಂಸೇವಕರ ಮೇಲೆ ಪರೀಕ್ಷಿಸಿದ್ದರು. ಗಂಡಸರಲ್ಲಿ ಅದು ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಲ್ಲಿ 10.5 ಮಿಲಿ ಆಂಪಿಯರ್. ಒಂದು ಆಂಪಿಯರ್ ಎಂದರೆ ಸಾವಿರ ಮಿಲಿ ಆಂಪಿಯರ್. ಬಿಡುವ ಮಟ್ಟ ದಾಟಿದ ಮೇಲೆ ಕೈಯ ಸ್ನಾಯುಗಳು ಬಿಗಿದು ಹಿಡಿತ ಕಚ್ಚಿಕೊಳ್ಳುತ್ತದೆ. ಇನ್ನೂ ಏರಿದರೆ ಉಸಿರು ಕಟ್ಟುತ್ತದೆ, ಹೃದಯದ ಲಯ ತಪ್ಪುತ್ತದೆ. ನಮ್ಮ ದೇಶದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳು ಮನೆ ಸಂಪರ್ಕದ ಸೋರಿಕೆ ರಕ್ಷಕಕ್ಕೆ 30 ಮಿಲಿ ಆಂಪಿಯರ್ ಮಿತಿ ಹಾಕಿರುವುದರ ಹಿಂದೆ ಈ ಲೆಕ್ಕವಿದೆ.

ಒಳಗೆ ನಡೆಯುವುದೇನು?

ಆರ್‌ಸಿಸಿಬಿಯ ಒಳಗೆ ಬಳೆಯಂಥ ಒಂದು ಕಾಂತೀಯ ಉಂಗುರವಿದೆ. ಮನೆಗೆ ಹೋಗುವ ಫೇಸ್, ಮನೆಯಿಂದ ಮರಳುವ ನ್ಯೂಟ್ರಲ್ ಎರಡೂ ಈ ಉಂಗುರದ ನಡುವಿನಿಂದ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ಮರಳಿ ಬಂದರೆ ಒಂದರ ಕಾಂತ ಪ್ರಭಾವವನ್ನು ಇನ್ನೊಂದು ಅಳಿಸಿಹಾಕುತ್ತದೆ. ಉಂಗುರಕ್ಕೆ ಏನೂ ತಿಳಿಯುವುದಿಲ್ಲ. ಹೋದದ್ದರಲ್ಲಿ ಒಂದು ಪಾಲು ನೆಲದ ದಾರಿ ಹಿಡಿದರೆ ವ್ಯತ್ಯಾಸ ಹುಟ್ಟುತ್ತದೆ. ಆ ವ್ಯತ್ಯಾಸ ಉಂಗುರಕ್ಕೆ ಸುತ್ತಿದ ಸಣ್ಣ ತಂತಿಯಲ್ಲಿ ಕರೆಂಟು ಹುಟ್ಟಿಸುತ್ತದೆ. ಅದು ಒಂದು ಪುಟ್ಟ ರಿಲೇಯನ್ನು ಕದಲಿಸುತ್ತದೆ, ರಿಲೇ ಸ್ಪ್ರಿಂಗಿನ ಕೊಂಡಿ ಬಿಡಿಸುತ್ತದೆ, ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಟ್ಟಿಗೆ ಕಡಿದುಹೋಗುತ್ತವೆ.

ಮೇಲಿನ ಗೀಸರಿಗೆ ಮರಳೋಣ. ಅಲ್ಲಿ ಸೋರುತ್ತಿದ್ದುದು 10 ಆಂಪಿಯರ್, ಅಂದರೆ ಮಿತಿಯ ಮುನ್ನೂರು ಪಟ್ಟಿಗಿಂತ ಹೆಚ್ಚು. ಆರ್‌ಸಿಸಿಬಿ ಇದ್ದಿದ್ದರೆ ಬಿರುಕು ಬಿಟ್ಟ ಗಳಿಗೆಯಲ್ಲೇ ಬೀಳುತ್ತಿತ್ತು, ಆಗ ಬಚ್ಚಲಲ್ಲಿ ಯಾರೂ ಇಲ್ಲದಿದ್ದರೂ.

ಅರ್ಥ್ ತಂತಿಯೇ ತುಂಡಾಗಿದ್ದರೆ? ಆಗ ಯಾರಾದರೂ ಮುಟ್ಟುವವರೆಗೆ ಸೋರಿಕೆಗೆ ದಾರಿ ಇರದು. ಒದ್ದೆ ನೆಲದ ಮೇಲೆ ನಿಂತವರ ಮೈಯ ರೋಧ 1500 ಓಮ್ ಎಂದು ಹಿಡಿದರೆ, ನಲ್ಲಿ ಮುಟ್ಟಿದಾಗ ಅವರ ಮೈಯಲ್ಲಿ ಸುಮಾರು 150 ಮಿಲಿ ಆಂಪಿಯರ್ ಹರಿಯುತ್ತದೆ. ಅದು 30ರ ಐದು ಪಟ್ಟು. ಐದು ಪಟ್ಟು ಸೋರಿಕೆಗೆ ಸಾಮಾನ್ಯ ಆರ್‌ಸಿಸಿಬಿ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದೊಳಗೆ ಬೀಳಲೇಬೇಕು ಎಂದು ಮಾನಕ ಹೇಳುತ್ತದೆ. ಹೃದಯದ ಒಂದು ಬಡಿತಕ್ಕೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಶಾಕ್ ಖಂಡಿತ ಹೊಡೆಯುತ್ತದೆ, ಮನುಷ್ಯ ಬೆಚ್ಚಿ ಹಿಂದೆ ಸರಿಯುತ್ತಾನೆ, ಆದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚುತ್ತದೆ.

ಇದರ ಮಿತಿಯನ್ನೂ ತಿಳಿದಿರಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ನೆಲಕ್ಕೆ ಏನೂ ಸೋರದಿದ್ದರೆ ಉಂಗುರದ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆಗ ಆರ್‌ಸಿಸಿಬಿ ಕಾಪಾಡದು. ಹಾಗೆಯೇ ಶಾರ್ಟ್ ಸರ್ಕ್ಯೂಟ್, ಓವರ್‌ಲೋಡ್‌ಗಳನ್ನೂ ಅದು ಗುರುತಿಸುವುದಿಲ್ಲ. ಅದಕ್ಕೆ ಎಂಸಿಬಿ ಜೊತೆಗಿರಲೇಬೇಕು. ಎರಡೂ ಕೆಲಸ ಒಂದರಲ್ಲೇ ಬೇಕಾದರೆ ಆರ್‌ಸಿಬಿಒ ಎಂಬ ಸಾಧನ ಸಿಗುತ್ತದೆ.

ಹಾಕಿಸುವಾಗ ನೋಡಬೇಕಾದ್ದು

ಇದನ್ನು ಕೂರಿಸುವುದು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರ ಕೆಲಸ. ಆದರೆ ಏನು ಹಾಕುತ್ತಾರೆ ಎಂದು ನೋಡಿಕೊಳ್ಳುವುದು ಮನೆಯವರ ಹಕ್ಕು. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ಮೂರು ಫೇಸಿನ ಮನೆಗೆ ನಾಲ್ಕು ಪೋಲಿನದು ಬೇಕು. ಮೈಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 12640 ಎಂಬ ಸಂಖ್ಯೆ ಇರಬೇಕು. ಅಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಅದು ಹೊರಬಲ್ಲ ಭಾರ, 25, 40 ಅಥವಾ 63 ಆಂಪಿಯರ್. ಇದು ಮೇನ್ ಎಂಸಿಬಿಯ ಅಂಕಿಗಿಂತ ಕಡಿಮೆ ಇರಕೂಡದು. ಮೇನ್ 32 ಇದ್ದರೆ ಆರ್‌ಸಿಸಿಬಿ 40ರದ್ದು ಇರಲಿ. ಇನ್ನೊಂದು ಅದು ಬೀಳುವ ಮಟ್ಟ. ಅದು 30 ಮಿಲಿ ಆಂಪಿಯರ್ ಇರಬೇಕು. ಪದೇ ಪದೇ ಬೀಳುವ ಕಿರಿಕಿರಿ ತಪ್ಪಲಿ ಎಂದು ಕೆಲವರು 100 ಅಥವಾ 300ರದ್ದನ್ನು ಕೂರಿಸುತ್ತಾರೆ. ಅವು ಸೋರಿಕೆಯಿಂದ ಬೆಂಕಿ ಹೊತ್ತದಂತೆ ತಡೆಯಬಹುದು, ಮುಟ್ಟಿದವರ ಜೀವ ಉಳಿಸಲು ಅವನ್ನು ನಂಬುವಂತಿಲ್ಲ. ವಾಷಿಂಗ್ ಮೆಷಿನ್, ಇನ್‌ವರ್ಟರ್ ಎಸಿಯಂಥ ಎಲೆಕ್ಟ್ರಾನಿಕ್ ನಿಯಂತ್ರಣದ ಯಂತ್ರಗಳಿದ್ದರೆ ‘ಟೈಪ್ ಎ’ ಕೇಳಿ ಪಡೆಯಿರಿ. ಅಂಥ ಯಂತ್ರಗಳಲ್ಲಿ ಸೋರುವ ಕರೆಂಟಿನ ಸ್ವರೂಪವನ್ನು ‘ಟೈಪ್ ಎಸಿ’ ಸಾಧನ ಸರಿಯಾಗಿ ಗುರುತಿಸದೆ ಹೋಗಬಹುದು.

ತೊಂದರೆ ಹೆಚ್ಚಾಗಿ ಬರುವುದು ಹಳೆಯ ವೈರಿಂಗಿನ ನ್ಯೂಟ್ರಲ್‌ನಿಂದ. ಆರ್‌ಸಿಸಿಬಿ ದಾಟಿ ಬಂದ ನ್ಯೂಟ್ರಲ್ ಬೇರೆ ಯಾವ ನ್ಯೂಟ್ರಲ್‌ಗೂ, ಅರ್ಥ್‌ಗೂ ಸೇರಬಾರದು. ಹಳೆಯ ಮನೆಗಳಲ್ಲಿ ಕೆಳಮನೆಗೂ ಮಹಡಿಗೂ ಒಂದೇ ನ್ಯೂಟ್ರಲ್ ಎಳೆದಿರುವುದುಂಟು. ಮೆಟ್ಟಿಲ ದೀಪಕ್ಕೆ ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಇನ್ನೊಂದು ಕಡೆಯಿಂದ ಕೊಟ್ಟಿರುವುದೂ ಉಂಟು. ಹಾಗಿದ್ದರೆ ಆ ದೀಪ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ದೀಪದಲ್ಲಿ ದೋಷವಿಲ್ಲ, ಸಾಧನದಲ್ಲೂ ದೋಷವಿಲ್ಲ. ಹೋದ ಕರೆಂಟು ಅದೇ ಉಂಗುರದ ಮೂಲಕ ಮರಳುತ್ತಿಲ್ಲ, ಅಷ್ಟೆ. ನ್ಯೂಟ್ರಲ್‌ಗಳನ್ನು ಬಿಡಿಸಿ ಬೇರೆ ಮಾಡುವುದೊಂದೇ ಇದಕ್ಕೆ ಪರಿಹಾರ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, “ಸಾರ್, ಇದು ಸುಮ್ನೆ ಬೀಳ್ತಾ ಇರುತ್ತೆ, ಡೈರೆಕ್ಟ್ ಮಾಡ್ಬಿಡ್ತೀನಿ” ಎಂಬುದು. ಡೈರೆಕ್ಟ್ ಮಾಡುವುದೆಂದರೆ ಆರ್‌ಸಿಸಿಬಿಯನ್ನು ದಾಟಿಸಿ ತಂತಿ ಜೋಡಿಸುವುದು. ಸಾಧನ ಗೋಡೆಯ ಮೇಲೆ ಇದ್ದಲ್ಲೇ ಇರುತ್ತದೆ, ಮನೆಯವರು ರಕ್ಷಣೆ ಇದೆ ಎಂದೇ ನಂಬಿರುತ್ತಾರೆ. ಈ ಮಾತಿಗೆ ಎಂದಿಗೂ ಒಪ್ಪಬೇಡಿ.

ಮನೆಯಲ್ಲಿ ಬ್ಯಾಟರಿಯ ಇನ್‌ವರ್ಟರ್ ಇದ್ದರೆ ಇನ್ನೊಂದು ಎಚ್ಚರ ಬೇಕು. ಮೇನ್ ಬಳಿಯ ಆರ್‌ಸಿಸಿಬಿ ಬಿದ್ದಾಗ ಇನ್‌ವರ್ಟರ್ ಅದನ್ನು ಕರೆಂಟು ಹೋದಂತೆ ಭಾವಿಸಿ ತನ್ನ ಸರಬರಾಜು ಶುರುಮಾಡುತ್ತದೆ. ದೋಷ ಇನ್‌ವರ್ಟರ್ ಲೈನಿನಲ್ಲೇ ಇದ್ದರೆ ಕಡಿದುಹೋಗಬೇಕಾದ ಕರೆಂಟು ಬ್ಯಾಟರಿಯಿಂದ ಬರುತ್ತಲೇ ಇರುತ್ತದೆ. ಆದ್ದರಿಂದ ಇನ್‌ವರ್ಟರಿನಿಂದ ಹೊರಡುವ ಲೈನಿಗೆ ಬೇರೆಯದೇ ಆರ್‌ಸಿಸಿಬಿ ಬೇಕು. ಬ್ಯಾಟರಿಯ ಮೇಲೆ ಓಡುವಾಗಲೂ ಅದು ಕೆಲಸ ಮಾಡುವಂತೆ ನ್ಯೂಟ್ರಲ್ ಮತ್ತು ಅರ್ಥ್ ವ್ಯವಸ್ಥೆ ಇದೆಯೇ ಎಂದು ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ.

ಕೂರಿಸಿದ ದಿನವೇ ಒಂದು ಪರೀಕ್ಷೆ ಮಾಡಿ. ಮನೆಯ ದೀಪ, ಫ್ಯಾನುಗಳನ್ನೆಲ್ಲ ಹಾಕಿ ‘ಟಿ’ ಗುಂಡಿ ಒತ್ತಿ. ಆಮೇಲೆ ಬಚ್ಚಲು, ಅಡುಗೆಮನೆ, ಮಹಡಿ, ಸಂಪಿನ ಮೋಟಾರು, ಗೇಟಿನ ದೀಪ ಎಲ್ಲವನ್ನೂ ಸುತ್ತಿ ನೋಡಿ. ಇನ್ನೂ ಉರಿಯುತ್ತಿರುವುದು, ತಿರುಗುತ್ತಿರುವುದು ಈ ಸಾಧನದ ರಕ್ಷಣೆಯ ಹೊರಗಿದೆ ಎಂದರ್ಥ.

ತಿಂಗಳಿಗೊಮ್ಮೆ ಒತ್ತುವುದು

ರಿಲೇಯ ಮತ್ತು ಕೊಂಡಿಯ ಭಾಗಗಳು ಬಹಳ ನಾಜೂಕು. ಸೋರಿಕೆಯಿಂದ ಹುಟ್ಟುವ ಬಲವೂ ಅತಿ ಸಣ್ಣದು. ವರ್ಷಗಟ್ಟಲೆ ಕದಲದೆ ಕುಳಿತರೆ ದೂಳು, ತೇವ, ಒಣಗಿದ ಗ್ರೀಸ್ ಸೇರಿ ಅವು ಅಂಟಿಕೊಳ್ಳುತ್ತವೆ. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗಾಲದ ಥಂಡಿಗೆ ಈ ತೊಂದರೆ ಇನ್ನೂ ಬೇಗ ಬರುತ್ತದೆ. ತಿಂಗಳಿಗೊಮ್ಮೆ ಗುಂಡಿ ಒತ್ತಿದರೆ ಎರಡು ಲಾಭ. ಸಾಧನ ಬೀಳುತ್ತದೋ ಇಲ್ಲವೋ ಗೊತ್ತಾಗುತ್ತದೆ, ಭಾಗಗಳು ಸಡಿಲವಾಗಿಯೂ ಉಳಿಯುತ್ತವೆ.

ನೆನಪಿಗೆ ಒಂದು ದಿನ ಬೇಕಲ್ಲ. ಮೀಟರ್ ರೀಡರ್ ಬಂದು ಕರೆಂಟ್ ಬಿಲ್ ಕೊಟ್ಟುಹೋಗುವ ದಿನವನ್ನೇ ಇಟ್ಟುಕೊಳ್ಳಿ. ಕಂಪ್ಯೂಟರ್ ಮುಚ್ಚಿ, ವಾಷಿಂಗ್ ಮೆಷಿನ್ ನಿಲ್ಲಿಸಿ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥ ವೈದ್ಯಕೀಯ ಸಾಧನ ಬಳಸುವವರಿದ್ದರೆ ಮೊದಲು ಅವರಿಗೆ ಬದಲಿ ವ್ಯವಸ್ಥೆ ಮಾಡಿ. ಕೈ ಒಣಗಿರಲಿ. ಕರೆಂಟು ಇರುವಾಗಲೇ ಒತ್ತಬೇಕು, ಏಕೆಂದರೆ ಪರೀಕ್ಷೆಗೆ ಬೇಕಾದ ಸೋರಿಕೆಯನ್ನು ಗುಂಡಿ ಲೈನಿನ ಕರೆಂಟಿನಿಂದಲೇ ಹುಟ್ಟಿಸುತ್ತದೆ.

ಗುಂಡಿಯನ್ನು ಒಂದು ಸಲ ಗಟ್ಟಿಯಾಗಿ ಒತ್ತಿ ಬಿಡಿ. ಟಪ್ ಎಂದು ಹಿಡಿ ಕೆಳಗೆ ಬೀಳಬೇಕು, ಕರೆಂಟು ಹೋಗಬೇಕು. ಹಿಡಿ ಬಿದ್ದರೆ ಸಾಲದು, ದೀಪ ಆರಿದ್ದನ್ನೂ ಕಣ್ಣಾರೆ ನೋಡಿ. ಒಳಗಿನ ಕಾಂಟ್ಯಾಕ್ಟ್ ಕಚ್ಚಿಕೊಂಡಿದ್ದರೆ ಅಥವಾ ಯಾರೋ ಡೈರೆಕ್ಟ್ ಮಾಡಿದ್ದರೆ ಸದ್ದಾದರೂ ದೀಪ ಆರದು. ಆಮೇಲೆ ಹಿಡಿಯನ್ನು ಪೂರ್ತಿ ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆತ್ತಿ.

ಬೀಳದಿದ್ದರೆ? ಬೆರಳು ಒತ್ತಿ ಹಿಡಿದೇ ನಿಲ್ಲಬೇಡಿ, ಒಳಗಿನ ಪರೀಕ್ಷಾ ರೆಸಿಸ್ಟರ್ ಸುಟ್ಟುಹೋಗಬಹುದು. ಕರೆಂಟು ಇದೆಯೇ ನೋಡಿ. ಮೂರು ಫೇಸಿನ ಮನೆಯಾದರೆ ಒಂದು ಫೇಸ್ ಹೋಗಿದ್ದರೂ ಗುಂಡಿ ಕೆಲಸ ಮಾಡದಿರಬಹುದು. ಎಲ್ಲ ಸರಿಯಿದ್ದೂ ಬೀಳದಿದ್ದರೆ ಆ ಸಾಧನ ಸತ್ತಿದೆ. ಮೊದಲ ಸಲ ಬೀಳದೆ ಎರಡನೇ ಸಲಕ್ಕೆ ಬಿದ್ದರೂ ಸಮಾಧಾನಪಡಬೇಡಿ. ಶಾಕ್ ಹೊಡೆಯುವಾಗ ಎರಡನೇ ಸಲ ಎಂಬುದು ಇರುವುದಿಲ್ಲ. ಅದನ್ನೂ ಬದಲಾಯಿಸಿ. ಬಿಚ್ಚಿ ರಿಪೇರಿ ಮಾಡುವ ವಸ್ತು ಇದಲ್ಲ.

ಗುಂಡಿ ಹೇಳದ ಸಂಗತಿಗಳೂ ಇವೆ. ಅದು ಕೃತಕ ಸೋರಿಕೆಯನ್ನು ಸಾಧನದ ಒಳಗೇ, ಉಂಗುರದ ಹೊರಬದಿಯಿಂದ, ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಹುಟ್ಟಿಸುತ್ತದೆ. ಅರ್ಥ್ ತಂತಿ ಅದರಲ್ಲಿ ಭಾಗಿಯಲ್ಲ. ಹಾಗಾಗಿ ಅರ್ಥಿಂಗ್ ತುಂಡಾಗಿದ್ದರೂ ಗುಂಡಿ ಒತ್ತಿದಾಗ ಸಾಧನ ಬೀಳುತ್ತದೆ. ಎಷ್ಟು ಮಿಲಿ ಆಂಪಿಯರಿಗೆ ಬಿತ್ತು, ಎಷ್ಟು ಹೊತ್ತಿನಲ್ಲಿ ಬಿತ್ತು ಎಂಬುದೂ ಗೊತ್ತಾಗದು. ಅವನ್ನು ಅಳೆಯಲು ಬೇರೆ ಉಪಕರಣವಿದೆ. ಅದನ್ನು ಇಟ್ಟುಕೊಂಡ ಗುತ್ತಿಗೆದಾರರಿಂದ ವರ್ಷಕ್ಕೊಮ್ಮೆ ಸಾಧನವನ್ನೂ ಅರ್ಥಿಂಗ್ ಗುಂಡಿಯನ್ನೂ ಪರೀಕ್ಷಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಫೇಸಿನಿಂದ ಅರ್ಥ್‌ಗೆ ಬಲ್ಬು ಜೋಡಿಸಿ ನೋಡುವ ಸಾಹಸ ಮನೆಯಲ್ಲಿ ಯಾರೂ ಮಾಡಬಾರದು.

ತಾನಾಗಿಯೇ ಬಿದ್ದರೆ

ಗುಂಡಿ ಒತ್ತದೆಯೂ ಬಿದ್ದಿತೆಂದರೆ ಎಲ್ಲೋ ಸೋರಿಕೆ ಇದೆ. ಎಲ್ಲ ಎಂಸಿಬಿಗಳನ್ನೂ ಆಫ್ ಮಾಡಿ ಆರ್‌ಸಿಸಿಬಿಯನ್ನು ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಹಾಕುತ್ತ ಹೋಗಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಆ ಲೈನಿನಲ್ಲಿ ದೋಷವಿದೆ. ಅದನ್ನು ಆಫ್ ಮಾಡಿಟ್ಟು, ಆ ಲೈನಿನ ಯಂತ್ರಗಳ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಪ್ರಯತ್ನಿಸಿ. ಗೀಸರ್, ಸಂಪಿನ ಮೋಟಾರು, ಮಳೆ ನೀರು ಇಳಿದ ಹೊರದೀಪ, ಹಳೆಯ ಇಸ್ತ್ರಿಪೆಟ್ಟಿಗೆ ಇವು ಮೊದಲು ಅನುಮಾನಿಸಬೇಕಾದವು. ಎಂಸಿಬಿಗಳೆಲ್ಲ ಆಫ್ ಇದ್ದರೂ ಬೀಳುತ್ತಿದ್ದರೆ ಎಲ್ಲೋ ನ್ಯೂಟ್ರಲ್ ಅರ್ಥ್‌ಗೆ ತಗಲಿರುವ ಸಾಧ್ಯತೆ ಇದೆ, ಏಕೆಂದರೆ ಮಾಮೂಲಿ ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ಆಗ ಎಲೆಕ್ಟ್ರಿಷಿಯನ್ನೇ ಬರಬೇಕು. ಪದೇ ಪದೇ ಎತ್ತುತ್ತ ಕೂರಬೇಡಿ.

ನಿಮ್ಮ ಡಿಬಿ ಬಾಕ್ಸಿನಲ್ಲಿ ‘ಟಿ’ ಗುಂಡಿಯೇ ಕಾಣದಿದ್ದರೆ ಮೇಲಿನ ಗೀಸರಿನ ಲೆಕ್ಕ ನಿಮ್ಮ ಮನೆಗೂ ಅನ್ವಯಿಸುತ್ತದೆ ಎಂದು ತಿಳಿದು, ಈ ವಾರವೇ ಗುತ್ತಿಗೆದಾರರನ್ನು ಕರೆಸಿ. ಗುಂಡಿ ಇದ್ದರೆ ಈ ತಿಂಗಳ ಬಿಲ್ ಬರುವವರೆಗೂ ಕಾಯದೆ ಇಂದೇ ಒಮ್ಮೆ ಒತ್ತಿ. ಬೀಳದ ಆರ್‌ಸಿಸಿಬಿಯನ್ನು ಬದಲಾಯಿಸುವವರೆಗೆ ಗೀಸರಿನ ಸ್ವಿಚ್ಚು ಹಾಕಬೇಡಿ.